ಅಮೋನಿಯಾ ಇಲ್ಲ ಎಂದ ಪೆಟ್ಟಿಗೆ, ಊದಿಕೊಂಡ ಕಣ್ಣು: ಮಂಡ್ಯದ ಒಂದು ಹೇರ್ ಡೈ ಪ್ರಕರಣ

ಇದು ಮಂಡ್ಯದ ಒಬ್ಬ ಹೆಣ್ಣುಮಗಳಿಗೆ ಆದ ಸಂಗತಿ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬದಲಿಸಿ ಜಯಮ್ಮ ಎಂದಿದ್ದೇನೆ. ವಯಸ್ಸು 50ರ ಆಸುಪಾಸು. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ನಾನು ಅವರ ಬಡಾವಣೆಯಲ್ಲಿ ಔಷಧಿ ಅಂಗಡಿ ನಡೆಸುವವನು. ಹೇರ್ ಡೈ ಕೂಡ ನಮ್ಮಲ್ಲಿ ಮಾರಾಟವಾಗುತ್ತದೆ. ಹಾಗಾಗಿ ಪೆಟ್ಟಿಗೆಯ ಮುಂದೆ ಏನು ಬರೆದಿರುತ್ತಾರೆ, ಹಿಂದೆ ಏನು ಬರೆದಿರುತ್ತಾರೆ ಅನ್ನೋದನ್ನು ದಿನಾ ನೋಡುತ್ತೇನೆ. ಈ ಪ್ರಕರಣದ ಅಷ್ಟೂ ಕಥೆ ಆ ಮುಂದು ಮತ್ತು ಹಿಂದಿನ ನಡುವೆಯೇ ಇದೆ.

ಏನಾಯಿತು

ಜಯಮ್ಮ ಸುಮಾರು ವರ್ಷಗಳಿಂದ ಬರೀ ಮೆಹಂದಿ ಸೊಪ್ಪಿನ ಪುಡಿ ಹಚ್ಚಿಕೊಳ್ಳುತ್ತಿದ್ದರು. ಗ್ರಂಧಿಗೆ ಅಂಗಡಿಯಿಂದ ತಂದು, ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಹಚ್ಚಿಕೊಂಡು ಮಧ್ಯಾಹ್ನದವರೆಗೆ ಬಿಡುವುದು. ಯಾವತ್ತೂ ತೊಂದರೆ ಆಗಿರಲಿಲ್ಲ. ಬೇಜಾರು ಒಂದೇ. ಬಿಳಿ ಕೂದಲು ಜಾಸ್ತಿ ಆಗ್ತಾ ಬಂದ ಹಾಗೆ ತಲೆಯೆಲ್ಲ ಕಿತ್ತಳೆ ಬಣ್ಣ ಆಗುತ್ತಿತ್ತು.

ಯುಗಾದಿಗೆ ಮುಂಚೆ ಅವರಿಗೆ ಯಾರೋ ಒಂದು ಸ್ಯಾಶೆ ತೋರಿಸಿದರು. ಹಸಿರು ಬಣ್ಣದ ಪೊಟ್ಟಣ, ಮೇಲೆ ಮೆಹಂದಿ ಎಲೆ, ನೆಲ್ಲಿಕಾಯಿ, ಭೃಂಗರಾಜದ ಚಿತ್ರ, 'ಹರ್ಬಲ್ ಬ್ಲ್ಯಾಕ್ ಮೆಹಂದಿ' ಅಂತ ಹೆಸರು. ನೀರಲ್ಲಿ ಕಲಸಿ ಹಚ್ಚಿದರೆ ಅರ್ಧ ಗಂಟೆಗೆ ಕಡುಗಪ್ಪು. ಹಚ್ಚಿಕೊಂಡರು, ಚೆನ್ನಾಗಿ ಬಂತು, ಏನೂ ಆಗಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಎರಡನೇ ಸಲ ಹಚ್ಚಿದರು. ಆಗ ಎರಡು ದಿನ ಬಿಟ್ಟು ಕಿವಿಯ ಹಿಂದೆ, ಕತ್ತಿನ ಹಿಂದೆ ನವೆ ಶುರುವಾಯಿತು. ಬೇಸಿಗೆ, ಬೆವರು, ಹೊಟ್ಟು ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾದರು. ವಾರದಲ್ಲಿ ಇಳಿಯಿತು.

ಶ್ರಾವಣದಲ್ಲಿ ಅಣ್ಣನ ಮಗನ ಮದುವೆ. ಈ ಸಲ ಸ್ಯಾಶೆ ಬೇಡ, ಅದು ಅಗ್ಗದ್ದು, ಅದಕ್ಕೇ ನವೆ ಆಗಿರಬೇಕು ಅಂತ ಅವರೇ ತೀರ್ಮಾನ ಮಾಡಿ, ಅಂಗಡಿಯೊಂದರಿಂದ ದುಬಾರಿ ಕ್ರೀಮ್ ಕಲರ್ ತಂದರು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ನೋ ಅಮೋನಿಯಾ'. ಶುಕ್ರವಾರ ಸಂಜೆ ಹಚ್ಚಿಕೊಂಡರು. ವಾಸನೆ ಇಲ್ಲ, ಉರಿ ಇಲ್ಲ. ಶನಿವಾರ ಬೀಗರ ಊಟ ಮುಗಿಸಿ ಬರುವಷ್ಟರಲ್ಲಿ ಹಣೆಯ ಅಂಚಿನಲ್ಲಿ ನವೆ. ಭಾನುವಾರ ಬೆಳಿಗ್ಗೆ ಏಳುವಾಗ ಒಂದು ಕಣ್ಣು ಬಿಡಲು ಆಗುತ್ತಿರಲಿಲ್ಲ. ಇನ್ನೊಂದು ಸೀಳಿದಷ್ಟು ಮಾತ್ರ ತೆರೆದಿತ್ತು. ಕಿವಿಗಳು ಕೆಂಪಗೆ ದಪ್ಪಗಾಗಿದ್ದವು, ಕೂದಲು ಶುರುವಾಗುವ ಗೆರೆಯುದ್ದಕ್ಕೂ ಸಣ್ಣ ಸಣ್ಣ ನೀರುಗುಳ್ಳೆ ಎದ್ದು ಕೆಲವು ಒಡೆದು ಜಿನುಗುತ್ತಿದ್ದವು.

ಅವರ ಮಗ ಬೈಕಿನಲ್ಲಿ ಕರೆದುಕೊಂಡು ಬಂದ. "ಅಣ್ಣ, ಬೀಗರೂಟದಲ್ಲಿ ಏನೋ ನಂಜಾಗಿಬಿಟ್ಟಿದೆ. ಒಂದು ಟ್ಯೂಬ್ ಕೊಡಿ, ಹಚ್ಕೊಂಡ್ರೆ ಹೋಗುತ್ತೆ" ಅಂದರು.

ನಂಜಲ್ಲ ಅಂತ ಹೇಗೆ ಗೊತ್ತಾಯಿತು

ನಮ್ಮ ಕಡೆ ಮೈಮೇಲೆ ಏನೇ ಎದ್ದರೂ ಮೊದಲು ಊಟದ ಮೇಲೆ ಅನುಮಾನ. ಬದನೆಕಾಯಿ ನಂಜು, ಮೀನು ನಂಜು. ಆದರೆ ಊಟ ಒಗ್ಗದೆ ಬರುವ ಗಂದೆ ಬೇರೆ ಥರ ಇರುತ್ತದೆ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಏಳುತ್ತದೆ. ಹೊಟ್ಟೆ, ತೊಡೆ, ಬೆನ್ನು ಅಂತ ಜಾಗ ಬದಲಿಸುತ್ತಾ ಓಡಾಡುತ್ತದೆ. ಒಂದು ಜಾಗದಲ್ಲಿ ಎದ್ದ ದದ್ದು ಸಾಮಾನ್ಯವಾಗಿ ಒಂದು ದಿನದೊಳಗೆ ಕಲೆ ಉಳಿಸದೆ ಇಳಿದುಹೋಗುತ್ತದೆ.

ಜಯಮ್ಮನವರದ್ದು ಹಾಗಿರಲಿಲ್ಲ. ಹಣೆಯ ಅಂಚು, ಕಿವಿ, ರೆಪ್ಪೆ, ಕತ್ತಿನ ಹಿಂಭಾಗ. ಕ್ರೀಮ್ ತಾಗಿದ ಮತ್ತು ತೊಳೆಯುವಾಗ ಇಳಿದುಹೋದ ದಾರಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹೊಟ್ಟೆ, ಕಾಲು ಎಲ್ಲ ಶುದ್ಧವಾಗಿತ್ತು. ವಿಚಿತ್ರ ಅನ್ನಿಸಬಹುದು, ನೆತ್ತಿಯೇ ಎಲ್ಲಕ್ಕಿಂತ ಕಡಿಮೆ ಕೆಂಪಗಿತ್ತು. ಇದು ಹೇರ್ ಡೈ ಅಲರ್ಜಿಯ ಮಾಮೂಲಿ ಗುರುತು. ನೆತ್ತಿಯ ಚರ್ಮ ದಪ್ಪ, ಕಣ್ಣಿನ ರೆಪ್ಪೆಯ ಚರ್ಮ ತೀರಾ ತೆಳು ಮತ್ತು ಸಡಿಲ. ಹಾಗಾಗಿ ಬಣ್ಣ ಹಚ್ಚಿದ್ದು ತಲೆಗಾದರೂ ಊದುವುದು ಕಣ್ಣು. ಇದರಿಂದಲೇ ಎಷ್ಟೋ ಜನಕ್ಕೆ ಡೈ ಮೇಲೆ ಅನುಮಾನವೇ ಬರುವುದಿಲ್ಲ.

ದಾರಿ ತಪ್ಪಿಸುವ ಇನ್ನೊಂದು ವಿಷಯ ಸಮಯ. ಈ ಅಲರ್ಜಿ ಹಚ್ಚಿದ ತಕ್ಷಣ ತೋರುವುದಿಲ್ಲ. ಮೊದಲ ಒಂದೆರಡು ಸಲ ದೇಹ ಆ ರಾಸಾಯನಿಕವನ್ನು ಗುರುತಿಟ್ಟುಕೊಳ್ಳುತ್ತದೆ. ಅದಕ್ಕೆ ಸುಮಾರು ಹತ್ತು ದಿನದಿಂದ ಎರಡು ವಾರ ಬೇಕು. ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಮತ್ತೆ ಅದೇ ವಸ್ತು ತಾಗಿದರೆ ರಕ್ಷಣಾ ಕಣಗಳು ಅಲ್ಲಿಗೆ ಬಂದು ಸೇರಿ ಉರಿಯೂತ ಎಬ್ಬಿಸಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಜಯಮ್ಮನವರ ಮೂರು ಸಲದ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತದೆ. ಯುಗಾದಿಯಲ್ಲಿ ಏನೂ ಇಲ್ಲ, ಬೇಸಿಗೆಯಲ್ಲಿ ಕಿವಿಯ ಹಿಂದೆ ನವೆ, ಶ್ರಾವಣದಲ್ಲಿ ಕಣ್ಣೇ ಮುಚ್ಚಿತು. ಆ ಬೇಸಿಗೆಯ ನವೆಯೇ ಎಚ್ಚರಿಕೆಯಾಗಿತ್ತು.

ನಾನು ಟ್ಯೂಬ್ ಕೊಡಲಿಲ್ಲ. ಕಣ್ಣಿನ ರೆಪ್ಪೆಗೆ ಕೇಳಿದವರಿಗೆಲ್ಲ ಸ್ಟೀರಾಯ್ಡ್ ಕ್ರೀಮ್ ಕೊಡುವುದು ಸರಿಯಲ್ಲ, ಅದು ಡಾಕ್ಟರ ಕೆಲಸ. ಉಸಿರಾಡಲು ಕಷ್ಟವಾಗುತ್ತಿದೆಯಾ, ನಾಲಿಗೆ ದಪ್ಪ ಅನ್ನಿಸುತ್ತಿದೆಯಾ, ತಲೆಸುತ್ತು ಬರುತ್ತಿದೆಯಾ ಅಂತ ಮಾತ್ರ ಕೇಳಿದೆ. ಇವುಗಳಲ್ಲಿ ಒಂದಿದ್ದರೂ ಚರ್ಮದ ಡಾಕ್ಟರಿಗೆ ಕಾಯದೆ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ಅವರಿಗೆ ಅದ್ಯಾವುದೂ ಇರಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಸೌಮ್ಯವಾದ ಶಾಂಪೂ ಹಾಕಿ, ತಲೆ ಹಿಂದಕ್ಕೆ ಬಾಗಿಸಿ, ಮುಖಕ್ಕೆ ಇಳಿಯದ ಹಾಗೆ ಚೆನ್ನಾಗಿ ತೊಳೆಯಿರಿ, ತಣ್ಣೀರಿನ ಒದ್ದೆ ಬಟ್ಟೆ ಇಡಿ, ಈಗಲೇ ಡಾಕ್ಟರ ಹತ್ತಿರ ಹೋಗಿ, ಹೋಗುವಾಗ ಆ ಪೆಟ್ಟಿಗೆ ತಗೊಂಡು ಹೋಗಿ ಅಂದೆ. ಜಯಮ್ಮನವರ ಪ್ರಶ್ನೆ ಒಂದೇ ಆಗಿತ್ತು. "ತಲೆ ಬೋಳಿಸಬೇಕಾ ಅಣ್ಣ?"

ಬೇಕಾಗಿಲ್ಲ. ಬಣ್ಣ ಪೂರ್ತಿ ಕಟ್ಟಿಕೊಂಡ ಮೇಲೆ ಕೂದಲಲ್ಲಿ ಉಳಿಯುವ ವಸ್ತು ಬೇರೆಯೇ. ಅದು ಸಾಮಾನ್ಯವಾಗಿ ಅಲರ್ಜಿ ಎಬ್ಬಿಸುವುದಿಲ್ಲ. ತೊಂದರೆ ಕೊಡುವುದು ಇನ್ನೂ ಕಟ್ಟಿಕೊಳ್ಳದ ಕಚ್ಚಾ ಬಣ್ಣ. ಅದಕ್ಕೇ ಚೆನ್ನಾಗಿ ತೊಳೆಯುವುದು ಮುಖ್ಯ.

ಡಾಕ್ಟರು ಕೆಲವು ದಿನಕ್ಕೆ ಸ್ಟೀರಾಯ್ಡ್ ಮಾತ್ರೆ, ಜಿನುಗುವ ಕಡೆಗೆ ಒದ್ದೆ ಪಟ್ಟಿ, ನವೆಗೆ ಮಾತ್ರೆ ಕೊಟ್ಟರು. ಊತ ನಾಲ್ಕೈದು ದಿನದಲ್ಲಿ ಇಳಿಯಿತು, ಸಿಪ್ಪೆ ಏಳುವುದು ಎರಡು ವಾರ ನಡೆಯಿತು.

ಎರಡು ಪೊಟ್ಟಣ, ಒಂದೇ ಹೆಸರು

ಚೇತರಿಸಿಕೊಂಡ ಮೇಲೆ ಅವರು ಎರಡೂ ಪೊಟ್ಟಣ ತಂದು ಕೌಂಟರ್ ಮೇಲೆ ಇಟ್ಟರು. ಒಂದು ಹಳೆಯ ಸ್ಯಾಶೆ, ಇನ್ನೊಂದು ಕ್ರೀಮಿನ ಪೆಟ್ಟಿಗೆ. ಅವರ ಮಾತಿನಲ್ಲಿ ಒಂದು 'ಗಿಡಮೂಲಿಕೆ', ಇನ್ನೊಂದು 'ಅಮೋನಿಯಾ ಇಲ್ಲದ್ದು'. ಎರಡೂ ಸಾಧುವೇ, ಹಾಗಿದ್ದರೆ ತಪ್ಪು ಯಾರದು ಅನ್ನುವುದು ಅವರ ಗೊಂದಲ. ಭೂತಗನ್ನಡಿ ಇಟ್ಟು ಇಬ್ಬರೂ ಓದಿದೆವು. ಅಷ್ಟು ಸಣ್ಣ ಅಕ್ಷರ.

ಸ್ಯಾಶೆಯ ಹಿಂದೆ ಸಾಮಗ್ರಿಗಳ ಪಟ್ಟಿ ಹೀಗಿತ್ತು: ಮೆಹಂದಿ ಪುಡಿ, ಬೇರಿಯಂ ಪೆರಾಕ್ಸೈಡ್, ಪಿ-ಫೆನಿಲೀನ್‌ಡಯಮೈನ್, ಸಿಟ್ರಿಕ್ ಆಸಿಡ್. ಆಮೇಲೆ ಸಾಲಾಗಿ ನೆಲ್ಲಿ, ಭೃಂಗರಾಜ, ಸೀಗೆ. ಸೌಂದರ್ಯವರ್ಧಕಗಳ ಲೇಬಲ್‌ನಲ್ಲಿ ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಎನ್ನುವ ನಿಯಮ ಇದೆ. ಶೇಕಡ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಹಾಕಬಹುದು. ಅಂದರೆ ಮುಂದೆ ಚಿತ್ರದಲ್ಲಿ ಮಿಂಚುವ ಗಿಡಮೂಲಿಕೆಗಳು ಹಿಂದಿನ ಪಟ್ಟಿಯ ಬಾಲದಲ್ಲಿದ್ದವು. ಕಪ್ಪು ಬಣ್ಣ ಕೊಡುತ್ತಿದ್ದುದು ಮೂರನೇ ಹೆಸರು. ಎರಡನೆಯದು, ಅಂದರೆ ಪೆರಾಕ್ಸೈಡ್, ನೀರು ಬಿದ್ದ ತಕ್ಷಣ ಕೆಲಸ ಶುರು ಮಾಡಿ ಆ ಮೂರನೆಯದನ್ನು ಕಪ್ಪಾಗಿಸುತ್ತದೆ.

ಆ ಮೂರನೆಯದಕ್ಕೆ ಅಂಗಡಿಯವರು, ಪಾರ್ಲರ್‌ನವರು ಎಲ್ಲ ಕರೆಯುವ ಹೆಸರು ಪಿಪಿಡಿ. ನೂರು ವರ್ಷಕ್ಕೂ ಮೀರಿ ಹೇರ್ ಡೈಗಳಲ್ಲಿ ಬಳಕೆಯಲ್ಲಿದೆ. ಅಣು ತೀರಾ ಚಿಕ್ಕದು, ಬಣ್ಣವಿಲ್ಲದ್ದು. ಕೂದಲಿನೊಳಗೆ ಸುಲಭವಾಗಿ ನುಗ್ಗುತ್ತದೆ. ಒಳಗೆ ಹೋದ ಮೇಲೆ ಪೆರಾಕ್ಸೈಡಿನಿಂದ ಆಮ್ಲಜನಕ ಸಿಕ್ಕಿ, ಒಂದಕ್ಕೊಂದು ಸೇರಿ ದೊಡ್ಡ ಕಪ್ಪು ಅಣುವಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ತಲೆ ತೊಳೆದರೂ ಬಣ್ಣ ಹೋಗುವುದಿಲ್ಲ. ಕೂದಲಿಗೆ ನುಗ್ಗುವ ಆ ಗುಣವೇ ಚರ್ಮಕ್ಕೂ ನುಗ್ಗಿಸುತ್ತದೆ. 2006ರಲ್ಲಿ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ ಇದನ್ನೇ ಆ ವರ್ಷದ ಅಲರ್ಜಿಕಾರಕ ಎಂದು ಆರಿಸಿ ಎಲ್ಲರ ಗಮನ ಸೆಳೆದಿತ್ತು.

ಈಗ ಕ್ರೀಮಿನ ಪೆಟ್ಟಿಗೆ. ಒಳಗೆ ಒಂದು ಟ್ಯೂಬ್, ಒಂದು ಡೆವಲಪರ್ ಬಾಟಲಿ. ಬಾಟಲಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಟ್ಯೂಬಿನ ಪಟ್ಟಿಯಲ್ಲಿ ಅಮೋನಿಯಾ ನಿಜಕ್ಕೂ ಇರಲಿಲ್ಲ. ಲೇಬಲ್ ಸುಳ್ಳು ಹೇಳಿರಲಿಲ್ಲ. ಅದರ ಜಾಗದಲ್ಲಿ ಎಥನಾಲಮೈನ್ ಇತ್ತು. ಅಮೋನಿಯಾದ ಕೆಲಸ ಏನು ಅಂದರೆ, ಕೂದಲಿನ ಮೇಲಿನ ಹೆಂಚಿನಂಥ ಪದರವನ್ನು ಸ್ವಲ್ಪ ಎಬ್ಬಿಸಿ ಬಣ್ಣ ಒಳಗೆ ಹೋಗಲು ದಾರಿ ಮಾಡುವುದು, ಪೆರಾಕ್ಸೈಡನ್ನು ಚುರುಕು ಮಾಡುವುದು. ಎಥನಾಲಮೈನ್ ಕೂಡ ಅದನ್ನೇ ಮಾಡುತ್ತದೆ. ಆದರೆ ಅದು ಗಾಳಿಗೆ ಹಾರುವುದಿಲ್ಲ, ಹಾಗಾಗಿ ಮೂಗಿಗೆ ಹೊಡೆಯುವ ವಾಸನೆ ಇಲ್ಲ, ಕಣ್ಣಲ್ಲಿ ನೀರು ಬರುವುದಿಲ್ಲ. ಜನ ವಾಸನೆಯನ್ನೇ ಅಪಾಯ ಅಂದುಕೊಳ್ಳುತ್ತಾರೆ. ವಾಸನೆ ಹೋಯಿತು, ಅಪಾಯವೂ ಹೋಯಿತು ಅಂತ ಧೈರ್ಯ ಬರುತ್ತದೆ. ಅಲರ್ಜಿ ಮಾಡುವುದು ಅಮೋನಿಯಾ ಅಲ್ಲವೇ ಅಲ್ಲ. ಎಥನಾಲಮೈನ್ ಆದ ಮೇಲೆ ಎರಡು ಹೆಸರು ಬಿಟ್ಟು, ಅದೇ ಪಿ-ಫೆನಿಲೀನ್‌ಡಯಮೈನ್ ಕೂತಿತ್ತು. ಪಕ್ಕದಲ್ಲಿ ಅದರ ಜೊತೆ ಸೇರಿ ಬಣ್ಣ ಕಟ್ಟುವ ರಿಸಾರ್ಸಿನಾಲ್, ಮೆಟಾ ಅಮೈನೋಫೀನಾಲ್.

ಜಯಮ್ಮ ಎರಡೂ ಪೊಟ್ಟಣದ ಮೇಲೆ ಬೆರಳಿಟ್ಟು ಆ ಒಂದೇ ಹೆಸರನ್ನು ಮತ್ತೆ ಮತ್ತೆ ನೋಡಿದರು. "ಹಂಗಾದ್ರೆ ನಾನು ಬದಲಾಯಿಸಿದ್ದು ಪೆಟ್ಟಿಗೆ ಮಾತ್ರನಾ?" ಅಂದರು. ಹೌದು, ಅಷ್ಟೇ ಆಗಿದ್ದು.

ಲೇಬಲ್ ಓದುವಾಗ ಈ ಹೆಸರು ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ. ಪ್ಯಾರಾಫೆನಿಲೀನ್‌ಡಯಮೈನ್ ಅಂತ ಪೂರ್ತಿ ಬರೆಯುತ್ತಾರೆ, 1,4-ಡಯಮೈನೋಬೆನ್ಜೀನ್ ಅನ್ನುತ್ತಾರೆ, ಕೆಲವು ಕಡೆ ಬಣ್ಣದ ಸಂಖ್ಯೆ 76060 ಮಾತ್ರ ಇರುತ್ತದೆ. 'ಪಿಪಿಡಿ ಫ್ರೀ' ಅಂತ ಬರೆದ ಪೆಟ್ಟಿಗೆಯನ್ನೂ ತಿರುಗಿಸಿ ನೋಡಬೇಕು. ಅಲ್ಲಿ ಸಾಮಾನ್ಯವಾಗಿ ಟಾಲೀನ್-2,5-ಡಯಮೈನ್ ಇರುತ್ತದೆ. ಅದು ಪಿಪಿಡಿಯ ಹತ್ತಿರದ ಸಂಬಂಧಿ. ಪಿಪಿಡಿ ಒಗ್ಗದವರಲ್ಲಿ ಬಹಳ ಜನರಿಗೆ ಅದೂ ಒಗ್ಗುವುದಿಲ್ಲ. ಹೆಸರಿನಲ್ಲಿ ಎಲ್ಲಾದರೂ 'ಡಯಮೈನ್' ಕಂಡರೆ, ಇಲ್ಲವೇ ಆ 76060 ಕಂಡರೆ ನಿಲ್ಲಿ, ಕೇಳಿ. ಇಷ್ಟು ನೆನಪಿಟ್ಟುಕೊಳ್ಳಿ ಅಂತ ಜಯಮ್ಮನವರಿಗೆ ಹೇಳಿದ್ದೆ.

ಪೆಟ್ಟಿಗೆಯೊಳಗೆ ಮಡಿಚಿಟ್ಟ ಕಾಗದವೂ ಇತ್ತು, ಬಿಚ್ಚಿಯೇ ಇರಲಿಲ್ಲ. ನಮ್ಮ ದೇಶದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಬಣ್ಣಗಳ ಒಳ ಲೇಬಲ್, ಹೊರ ಲೇಬಲ್ ಎರಡರ ಮೇಲೂ ಎಚ್ಚರಿಕೆ ಇರಲೇಬೇಕು. ಕೆಲವರಿಗೆ ಚರ್ಮ ಕೆರಳಬಹುದು, ಮೊದಲು ಪರೀಕ್ಷೆ ಮಾಡಿ, ಹುಬ್ಬಿಗೂ ರೆಪ್ಪೆಗೂದಲಿಗೂ ಹಚ್ಚಬೇಡಿ, ಕುರುಡಾಗಬಹುದು ಅಂತ. ಪರೀಕ್ಷೆ ಮಾಡುವ ರೀತಿಯನ್ನೂ ಬರೆದಿರಬೇಕು. ಸ್ಯಾಶೆಯ ಮೇಲೂ ಈ ಎಚ್ಚರಿಕೆ ಇತ್ತು. ಬರೀ ಎಲೆಯ ಪುಡಿಗೆ ಕುರುಡಾಗುವ ಎಚ್ಚರಿಕೆ ಯಾಕೆ ಬೇಕು ಅಂತ ಒಂದು ಕ್ಷಣ ಯೋಚಿಸಿದರೂ ಸಾಕು, ಒಳಗೆ ಬೇರೆ ಏನೋ ಇದೆ ಅನ್ನುವ ಅನುಮಾನ ಹುಟ್ಟುತ್ತದೆ.

ಡಾಕ್ಟರು ಮಾಡಿದ ಪರೀಕ್ಷೆ

ಪೊಟ್ಟಣದಲ್ಲಿ ಪಿಪಿಡಿ ಇದೆ ಅಂದ ಮಾತ್ರಕ್ಕೆ ಅದೇ ಕಾರಣ ಅಂತ ಸಾಬೀತಾಗುವುದಿಲ್ಲ. ಸುಗಂಧಕ್ಕೂ ಅಲರ್ಜಿ ಆಗುತ್ತದೆ, ಸಂರಕ್ಷಕಕ್ಕೂ ಆಗುತ್ತದೆ. ಹಾಗಾಗಿ ಚರ್ಮ ಪೂರ್ತಿ ವಾಸಿಯಾಗಿ, ಮಾತ್ರೆ ನಿಲ್ಲಿಸಿ ಕೆಲವು ವಾರ ಕಳೆದ ಮೇಲೆ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿದರು. ಸ್ಟೀರಾಯ್ಡ್ ಮಾತ್ರೆ ನಡೆಯುವಾಗ ಈ ಪರೀಕ್ಷೆ ಮಾಡಿದರೆ ಇರುವ ಅಲರ್ಜಿಯೂ ಇಲ್ಲ ಅಂತ ತೋರಿಸಬಹುದು.

ಸೋಮವಾರ ಬೆನ್ನಿನ ಮೇಲೆ ಚಿಕ್ಕ ಚಿಕ್ಕ ಬಿಲ್ಲೆಗಳ ಪಟ್ಟಿ ಅಂಟಿಸಿದರು. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ವಸ್ತು. ಪಿಪಿಡಿಯನ್ನು ವ್ಯಾಸಲೀನಿನಲ್ಲಿ ಶೇಕಡ 1ರಷ್ಟು ಬೆರೆಸಿರುತ್ತಾರೆ. ಬುಧವಾರ ಬಿಚ್ಚಿದಾಗ ಆ ಒಂದು ಜಾಗ ಕೆಂಪಗಿತ್ತು. ಶುಕ್ರವಾರ ಅದು ಉಬ್ಬಿ ನೀರುಗುಳ್ಳೆ ಬಂದಿತ್ತು. ಸುಗಂಧದ ಜಾಗ ಸುಮ್ಮನಿತ್ತು. ಬುಧವಾರಕ್ಕಿಂತ ಶುಕ್ರವಾರ ಜಾಸ್ತಿ ಆಗಿದ್ದು ಗಮನಿಸಬೇಕಾದ ವಿಷಯ. ಬರೀ ಉರಿಯಿಂದ ಕೆಂಪಾಗಿದ್ದರೆ ಬಿಚ್ಚಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತಾ ಹೋಗುತ್ತದೆ, ಅಲರ್ಜಿ ಏರುತ್ತಾ ಹೋಗುತ್ತದೆ.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಪಿಪಿಡಿ ಜೀವನಪೂರ್ತಿ ಬೇಡ. ಜಾತ್ರೆ, ಮದುವೆಗಳಲ್ಲಿ ಕೈಗೆ ಹಾಕುವ 'ಕಪ್ಪು ಮೆಹಂದಿ' ಬೇಡ, ಅದರಲ್ಲೂ ಇದೇ ಇರುತ್ತದೆ, ಎಷ್ಟೋ ಸಲ ಡೈಗಿಂತ ಗಟ್ಟಿಯಾಗಿ. ಬೆನ್ಜೊಕೇನ್ ಎಂಬ ಮರಗಟ್ಟಿಸುವ ಔಷಧಿ ಕೆಲವರಿಗೆ ಇದರ ಜೊತೆ ಒಗ್ಗದಿರಬಹುದು, ಹಲ್ಲಿನ ಡಾಕ್ಟರಿಗೆ, ಔಷಧಿ ಅಂಗಡಿಗೆ ಚೀಟಿ ತೋರಿಸಿ. ಅದರ ಫೋಟೊ ಈಗ ಜಯಮ್ಮನ ಮೊಬೈಲಿನಲ್ಲೂ ಇದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಒಮ್ಮೆ ಹೀಗೆ ಊದಿದವರು ಮನೆಯಲ್ಲಿ ಡೈ ಪರೀಕ್ಷೆ ಮಾಡಿಕೊಳ್ಳುವ ಹಾಗೇ ಇಲ್ಲ. 'ಸ್ವಲ್ಪ ಹಚ್ಚಿ ನೋಡೋಣ' ಅನ್ನುವುದು ಅವರಿಗೆ ಪರೀಕ್ಷೆ ಅಲ್ಲ, ಇನ್ನೊಂದು ಏಟು.

ಮತ್ತೆ ಮೆಹಂದಿಗೆ

ಜಯಮ್ಮನಿಗೆ ಬಿಳಿ ಕೂದಲಿನಲ್ಲಿ ಓಡಾಡಲು ಮನಸ್ಸಿರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಹಳೆಯ ಮೆಹಂದಿ ಅವರಿಗೆ ಒಗ್ಗಿತ್ತಲ್ವಾ. ಮೆಹಂದಿಯ ಬಣ್ಣ ಲಾಸೋನ್ ಎಂಬ ಬೇರೆಯೇ ವಸ್ತುವಿನಿಂದ ಬರುತ್ತದೆ. ಅದಕ್ಕೆ ಅಲರ್ಜಿ ಅಪರೂಪ, ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅದು ಕಿತ್ತಳೆಯಿಂದ ಕೆಂಪುಕಂದು ಬಣ್ಣ ಮಾತ್ರ ಕೊಡುತ್ತದೆ. ಟೀ ಡಿಕಾಕ್ಷನ್, ಕಬ್ಬಿಣದ ಬಾಣಲೆ ಸ್ವಲ್ಪ ಗಾಢ ಮಾಡಬಹುದು, ಕಪ್ಪು ಮಾಡಲಾರವು. ಕಪ್ಪಿನ ಕಡೆಗೆ ಹೋಗಬೇಕಾದರೆ ಮೇಲೆ ನೀಲಿ ಗಿಡದ ಪುಡಿ ಬೇಕು, ಪೊಟ್ಟಣದ ಮೇಲೆ ಇಂಡಿಗೊ ಅಂತಿರುತ್ತದೆ. ಡಾಕ್ಟರನ್ನು ಕೇಳಿ, ಅವರು ಆಗಲಿ ಅಂದ ಮೇಲೆ ಮುಂದುವರಿದೆವು.

ಮೊದಲು ಪುಡಿ ಅಸಲಿಯಾ ಅಂತ ನೋಡಬೇಕಿತ್ತು. ಪಟ್ಟಿಯಲ್ಲಿ ಒಂದೇ ಹೆಸರು ಇರುವ ಪೊಟ್ಟಣ ಹುಡುಕಿದೆವು. ಮೆಹಂದಿಗೆ ಲಾಸೋನಿಯಾ ಇನರ್ಮಿಸ್, ಇಂಡಿಗೊಗೆ ಇಂಡಿಗೋಫೆರಾ ಟಿಂಕ್ಟೋರಿಯಾ. ಜೊತೆಗೆ ಮನೆಯಲ್ಲಿ ಒಂದು ಸರಳ ಪರೀಕ್ಷೆ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಒಂದು ಚಮಚ ಮೆಹಂದಿ ಪುಡಿ, ಸ್ವಲ್ಪ ಬೆಚ್ಚಗಿನ ನೀರು. ಕೈಗೆ ಗ್ಲೌಸ್. ಅಸಲಿ ಪುಡಿ ಹಸಿರು ಮಿಶ್ರಿತ ಮಣ್ಣಿನ ಬಣ್ಣ, ಒಣಹುಲ್ಲಿನ ವಾಸನೆ. ಕಲಸಿದ ಮೇಲೆ ನಿಧಾನವಾಗಿ ಅಂಚಿನಲ್ಲಿ ಕಂದು ತಿರುಗುತ್ತದೆ. ಬಾಚಣಿಗೆಗೆ ಬಂದ ಬಿಳಿ ಕೂದಲಿನ ಎಳೆಗಳನ್ನು ದಾರದಲ್ಲಿ ಕಟ್ಟಿ ಅದರೊಳಗೆ ಹುದುಗಿಸಿಟ್ಟರು. ಅರ್ಧ ಗಂಟೆಗೆ ತೆಗೆದು ತೊಳೆದಾಗ ತೆಳು ಹಳದಿ, ಮೂರು ಗಂಟೆಗೆ ಒಳ್ಳೆಯ ಕಿತ್ತಳೆ. ಇದು ಮೆಹಂದಿಯ ನಡತೆ. ಅದೇ ಹೊತ್ತಿಗೆ ಹಳೆಯ ಸ್ಯಾಶೆಯಲ್ಲಿ ಉಳಿದಿದ್ದ ಪುಡಿಯನ್ನು ನಾನು ಅಂಗಡಿಯಲ್ಲಿ ಕಲಸಿದ್ದೆ. ಕಾಲು ಗಂಟೆಯೊಳಗೆ ಮೇಲ್ಪದರ ನೇರಳೆ ಮಿಶ್ರಿತ ಕಪ್ಪಾಯಿತು, ಅರ್ಧ ಗಂಟೆಗೆ ಬಿಳಿ ಕೂದಲು ಇದ್ದಿಲ ಹಾಗೆ ಆಗಿತ್ತು. ಮೆಹಂದಿ ಅಂತ ಹೆಸರಿಟ್ಟ ಪುಡಿ ಅರ್ಧ ಗಂಟೆಯಲ್ಲಿ ಬಿಳಿ ಕೂದಲನ್ನು ಕಪ್ಪು ಮಾಡಿದರೆ ಅದು ಬರೀ ಮೆಹಂದಿ ಅಲ್ಲ.

ಈ ತಟ್ಟೆ ಪರೀಕ್ಷೆಗೂ ಮಿತಿ ಇದೆ. ಮೆಹಂದಿಗೆ ಇಂಡಿಗೊ ಬೆರೆಸಿದ್ದರೂ ನೀಲಿ ಕಪ್ಪು ಕಾಣಬಹುದು. ಕಿತ್ತಳೆ ಬಣ್ಣವನ್ನೇ ಹೆಚ್ಚಿಸಲು ಕೆಲವರು ಸೋಡಿಯಂ ಪಿಕ್ರಮೇಟ್ ಎಂಬ ಬಣ್ಣ ಬೆರೆಸುತ್ತಾರೆ, ಆಗ ನೀರು ಬಿದ್ದ ಕೂಡಲೇ ಗಾಢ ಕೆಂಪು ಬಿಡುತ್ತದೆ. ಸ್ವಲ್ಪವೇ ಪಿಪಿಡಿ ಬೆರೆತಿದ್ದರೆ ಕಣ್ಣಿಗೆ ಕಾಣದೆಯೂ ಹೋಗಬಹುದು. ಆದ್ದರಿಂದ ತಟ್ಟೆಯಲ್ಲಿ ಪಾಸಾದ ಪುಡಿಯನ್ನೂ ಮೊದಲು ತೋಳಿಗೇ ಹಚ್ಚಬೇಕು.

ಜಯಮ್ಮನವರು ಎರಡೂ ಪುಡಿಯನ್ನು ಬೇರೆ ಬೇರೆ ಕಲಸಿ, ಮೊಣಕೈ ಒಳಬದಿಯಲ್ಲಿ ಬೆರಳುಗುರಿನಷ್ಟು ಜಾಗಕ್ಕೆ ಹಚ್ಚಿದರು. ಎಡಗೈಗೆ ಮೆಹಂದಿ, ಬಲಗೈಗೆ ಇಂಡಿಗೊ. ಮೂರು ದಿನ ನೋಡಿದೆವು. ಬಣ್ಣದ ಕಲೆ ಬಿಟ್ಟರೆ ನವೆ, ಉಬ್ಬು ಏನೂ ಇರಲಿಲ್ಲ.

ಆಮೇಲೆ ಹಚ್ಚಿದ್ದು ಎರಡು ಹಂತದಲ್ಲಿ. ಅವರ ಭುಜದುದ್ದದ ಕೂದಲಿಗೆ 100 ಗ್ರಾಂ ಮೆಹಂದಿ, ಬೆಚ್ಚಗಿನ ನೀರಲ್ಲಿ ಕೆಲವು ಗಂಟೆ ನೆನೆಸಿ, ಹಚ್ಚಿ ಮೂರು ಗಂಟೆ. ಬರೀ ನೀರಲ್ಲಿ ತೊಳೆದರು, ಎಣ್ಣೆ, ಶಾಂಪೂ ಇಲ್ಲ. ಆಮೇಲೆ 100 ಗ್ರಾಂ ಇಂಡಿಗೊ. ಇದನ್ನು ಮೆಹಂದಿಯ ಹಾಗೆ ರಾತ್ರಿಯೆಲ್ಲ ನೆನೆಸಿಟ್ಟರೆ ಸತ್ತುಹೋಗುತ್ತದೆ. ಕಲಸಿ ಹತ್ತು ಹದಿನೈದು ನಿಮಿಷಕ್ಕೆ ಹಚ್ಚಿಬಿಡಬೇಕು. ಒಂದೂವರೆ ಗಂಟೆ ಬಿಟ್ಟು ತೊಳೆದಾಗ ತಲೆ ಹಸಿರು ಹಸಿರಾಗಿತ್ತು. ಜಯಮ್ಮ ಗಾಬರಿಯಾಗಿ ಫೋನ್ ಮಾಡಿದರು. "ನಾಳೆ ನಾಡಿದ್ದರವರೆಗೆ ಶಾಂಪೂ ಮುಟ್ಟಬೇಡಿ ಜಯಕ್ಕ, ಗಾಳಿ ತಾಗಿ ಗಾಢ ಆಗುತ್ತೆ" ಅಂದೆ. ಎರಡು ದಿನಕ್ಕೆ ಕಡುಕಂದು ಬಂತು. ಕಡುಗಪ್ಪು ಬರಲಿಲ್ಲ, ಬರುತ್ತದೆ ಅಂತ ನಾನು ಹೇಳಿಯೂ ಇರಲಿಲ್ಲ. ಕಿವಿಯ ಮುಂದಿನ ಗಟ್ಟಿ ಬಿಳಿ ಕೂದಲು ಇನ್ನೂ ಕೆಂಪು ಹೊಡೆಯುತ್ತದೆ. ಒಂದು ಭಾನುವಾರ ಅರ್ಧ ದಿನ ಹೋಗುತ್ತದೆ. ಅವರಿಗೆ ಅದು ಒಪ್ಪಿಗೆ.

ತಂಗಿಯ ತೋಳು

ಅಕ್ಕನ ಮುಖ ನೋಡಿದ ಮೇಲೆ ತಂಗಿಗೂ ಹೆದರಿಕೆ. ಅವರು ಮೈಸೂರಿನ ಕುವೆಂಪುನಗರದಲ್ಲಿದ್ದಾರೆ, ಕೆಲವು ವರ್ಷಗಳಿಂದ ಅಮೋನಿಯಾ ಇಲ್ಲದ ಕ್ರೀಮ್ ಹಚ್ಚುತ್ತಾರೆ, ತೊಂದರೆ ಆಗಿಲ್ಲ. ಪರೀಕ್ಷೆ ಒಮ್ಮೆಯೂ ಮಾಡಿರಲಿಲ್ಲ. ಹೊಸ ಪೆಟ್ಟಿಗೆ ಹಿಡಿದು ಮಂಡ್ಯಕ್ಕೆ ಬಂದಾಗ ಹೇಗೆ ಮಾಡುವುದು ಅಂತ ಕೇಳಿದರು. ಮೊದಲು ನಾನು ಕೇಳಿದ್ದು, ಹಿಂದೆ ಯಾವಾಗಲಾದರೂ ಡೈ ಆದ ಮೇಲೆ ನವೆ ಬಂದಿತ್ತಾ, ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡು ಗುಳ್ಳೆ ಎದ್ದಿತ್ತಾ ಅಂತ. ಇಲ್ಲ ಅಂದರು. ಬಂದಿದ್ದರೆ ಈ ಪರೀಕ್ಷೆ ಅವರಿಗಲ್ಲ.

ಟ್ಯೂಬಿನಿಂದ ಬಟಾಣಿ ಗಾತ್ರದಷ್ಟು ಕ್ರೀಮ್, ಕಾಗದದಲ್ಲಿ ಹೇಳಿದ ಪ್ರಮಾಣಕ್ಕೆ ಡೆವಲಪರ್. ಅವರ ಪೆಟ್ಟಿಗೆಗೆ ಅದು ಸಮಸಮ. ಪ್ಲಾಸ್ಟಿಕ್ ಚಮಚದಲ್ಲಿ ಕಲಸಿ, ಉಳಿದ ಟ್ಯೂಬ್, ಬಾಟಲಿ ತಕ್ಷಣ ಮುಚ್ಚಿಟ್ಟರು. ಬರೀ ಕ್ರೀಮ್ ಹಚ್ಚಿ ನೋಡುವವರಿದ್ದಾರೆ. ತಲೆಗೆ ಹಚ್ಚುವುದು ಬೆರೆಸಿದ್ದನ್ನು ಅಂದ ಮೇಲೆ ಪರೀಕ್ಷೆಯೂ ಬೆರೆಸಿದ್ದರಿಂದಲೇ ಆಗಬೇಕು, ಅವರ ಕಾಗದವೂ ಅದನ್ನೇ ಹೇಳುತ್ತಿತ್ತು. ಮೊಣಕೈ ಒಳಬದಿಯನ್ನು ಸೋಪಿನಲ್ಲಿ ತೊಳೆದು ಒರೆಸಿ, ತೆಳುವಾಗಿ ಹಚ್ಚಿ, ಮೇಲೆ ಏನೂ ಕಟ್ಟದೆ ಒಣಗಲು ಬಿಟ್ಟರು. ನಡುವೆ ಉರಿ ಶುರುವಾದರೆ ಕಾಯದೆ ತೊಳೆದುಬಿಡಿ ಅಂತ ಹೇಳಿದ್ದೆ. ಸಂಜೆ ಏಳಕ್ಕೆ ಹಚ್ಚಿದ್ದು, ಮಾರನೇ ದಿನ ಏಳರವರೆಗೆ ನೀರು ತಾಗಿಸಲಿಲ್ಲ.

24 ಗಂಟೆಗೆ ಸೋಪಿನಲ್ಲಿ ಮೆಲ್ಲಗೆ ತೊಳೆದು ನೋಡಿದಾಗ ಕಂದು ಕಲೆ ಮಾತ್ರ. ಕಾಗದದ ಪ್ರಕಾರ ಪರೀಕ್ಷೆ ಅಲ್ಲಿಗೆ ಮುಗಿಯಿತು, ಹಚ್ಚಿಕೊಳ್ಳಬಹುದಿತ್ತು. ನಾನು ಅಲ್ಲಿಗೆ ನಿಲ್ಲಿಸಬೇಡಿ ಅಂದೆ. ಜಯಮ್ಮನ ಬೆನ್ನಿನ ಬಿಲ್ಲೆ ಬುಧವಾರಕ್ಕಿಂತ ಶುಕ್ರವಾರ ಜೋರಾಗಿತ್ತಲ್ವಾ. ಈ ಅಲರ್ಜಿಯ ನಿಜ ರೂಪ ಕಾಣುವುದು ಎರಡನೇ, ಮೂರನೇ ದಿನ. ಯುರೋಪಿನ ಪೆಟ್ಟಿಗೆಗಳಲ್ಲಿ ಹಚ್ಚುವ 48 ಗಂಟೆ ಮುಂಚೆ ಪರೀಕ್ಷೆ ಮಾಡಿ ಅಂತಲೇ ಬರೆದಿರುತ್ತದೆ. ನನ್ನ ಮಟ್ಟಿಗೆ 48 ಗಂಟೆ ಕನಿಷ್ಠ, 72 ಆದರೆ ಇನ್ನೂ ಒಳ್ಳೆಯದು. ಮದುವೆಯ ಹಿಂದಿನ ದಿನ ಪೆಟ್ಟಿಗೆ ತಂದರೆ ಇದು ಆಗುವ ಮಾತಲ್ಲ. ಪ್ರತಿ ಸಲವೂ ಪರೀಕ್ಷೆ ಬೇಕು ಅಂತ ಕಾಗದ ಹೇಳುವುದು ಮಾತ್ರ ನೂರಕ್ಕೆ ನೂರು ಸರಿ. ಕಂಪನಿ ಮಿಶ್ರಣ ಬದಲಿಸಿರಬಹುದು, ಹೋದ ಸಲ ಹಚ್ಚಿದ್ದರಿಂದಲೇ ದೇಹ ಈ ನಡುವೆ ಗುರುತಿಟ್ಟುಕೊಂಡಿರಬಹುದು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಪೂರ್ತಿ ಖಾತ್ರಿ ಅಂತೇನಿಲ್ಲ, ಅಪಾಯ ಕಡಿಮೆ ಅಷ್ಟೇ.

ಎರಡನೇ ದಿನ ಸಂಜೆ ತಂಗಿ ಫೋಟೊ ಕಳಿಸಿದರು. ಕಂದು ಕಲೆಯ ಅಂಚಿನಲ್ಲಿ ತೆಳು ಕೆಂಪು. ಮುಟ್ಟಿದರೆ ಸ್ವಲ್ಪ ಉಬ್ಬು ಸಿಗುತ್ತದೆ, ರಾತ್ರಿ ನವೆ ಇತ್ತು ಅಂದರು. ಮೂರನೇ ದಿನ ಆ ಉಬ್ಬಿನ ಮೇಲೆ ಸಾಸಿವೆಯಷ್ಟು ಎರಡು ಗುಳ್ಳೆ. ತಲೆಗೆ ಹಚ್ಚಲಿಲ್ಲ. ಮುಚ್ಚಿಟ್ಟ ಟ್ಯೂಬ್, ಬಾಟಲಿ, ಒಳಗಿನ ಕಾಗದ, ಮೂರು ದಿನದ ಫೋಟೊ ಎಲ್ಲ ಹಿಡಿದುಕೊಂಡು ಮೈಸೂರಿನಲ್ಲಿ ಚರ್ಮದ ಡಾಕ್ಟರನ್ನು ನೋಡಲು ಹೋಗಿದ್ದಾರೆ. ಅವರ ಬೆನ್ನಿಗೆ ಬಿಲ್ಲೆ ಅಂಟಿಸುವುದು ತೋಳು ಪೂರ್ತಿ ವಾಸಿಯಾದ ಮೇಲೆ.